ರಾತ್ರಿ ಎರಡಕ್ಕೆ ಬರುವ ನೋವು

ರಾತ್ರಿ ಎರಡಕ್ಕೆ ಎಚ್ಚರ. ನಿನ್ನೆಯೂ ಅದೇ ಹೊತ್ತು, ಮೊನ್ನೆಯೂ. ಬಲಗಣ್ಣಿನ ಹಿಂದೆ ಕಾದ ಸಲಾಕೆ ಚುಚ್ಚಿದ ಹಾಗೆ ನೋವು. ಅದೇ ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ, ರೆಪ್ಪೆ ಜೋಲುತ್ತದೆ, ಆ ಬದಿಯ ಮೂಗೂ ಕಟ್ಟುತ್ತದೆ.

ಮೈಗ್ರೇನ್ ಬಂದವರು ಕತ್ತಲೆ ಕೋಣೆಯಲ್ಲಿ ಅಲುಗಾಡದೆ ಮಲಗುತ್ತಾರೆ. ಕ್ಲಸ್ಟರ್ ತಲೆನೋವಿನವರು ಕೂತಲ್ಲಿ ಕೂರಲಾರದೆ ಶತಪಥ ಹಾಕುತ್ತಾರೆ. ಮೈಗ್ರೇನ್ 4ರಿಂದ 72 ಗಂಟೆ ಕಾಡಿದರೆ, ಇದು 15 ನಿಮಿಷದಿಂದ 3 ಗಂಟೆಯೊಳಗೆ ಇಳಿಯುತ್ತದೆ.

ಮಾತ್ರೆ ಕರಗಿ ಕೆಲಸ ಶುರುಮಾಡುವಷ್ಟರಲ್ಲಿ ನೋವು ಎಷ್ಟೋ ಸಲ ತನ್ನ ಪಾಳಿ ಮುಗಿಸಿರುತ್ತದೆ. ಹಾಗಾಗಿ ವೈದ್ಯರು ಶುದ್ಧ ಆಮ್ಲಜನಕ ಬರೆದುಕೊಡುತ್ತಾರೆ: ಚೀಲವಿರುವ ಮಾಸ್ಕನ್ನು ಬಿಗಿಯಾಗಿ ಹಾಕಿ, ನಿಮಿಷಕ್ಕೆ 12ರಿಂದ 15 ಲೀಟರಿನಂತೆ, 15 ನಿಮಿಷ. ಮೂಗಿನ ನಳಿಕೆಯಲ್ಲಿ ಎರಡು ಲೀಟರ್ ಬಿಟ್ಟು ‘ಆಮ್ಲಜನಕ ಫಲಿಸಲಿಲ್ಲ’ ಎಂದರೆ ತಪ್ಪು ಆಮ್ಲಜನಕದ್ದಲ್ಲ! ಇನ್ನೊಂದು ದಾರಿ ಚರ್ಮದಡಿ 6 ಮಿಲಿಗ್ರಾಂ ಸುಮಾಟ್ರಿಪ್ಟಾನ್ ಚುಚ್ಚುಮದ್ದು. ಹೃದಯದ ರಕ್ತನಾಳದ ಕಾಯಿಲೆ ಇದ್ದವರಿಗೆ ಅದನ್ನು ಕೊಡುವುದಿಲ್ಲ.