ಆರು ಪೆಟ್ಟಿಗೆ, ಆರು ತಂತಿ: ಸುತ್ತು ಏಕೆ ತಪ್ಪುವುದಿಲ್ಲ?

ಇವತ್ತಿನ ಮಾತು ಗಣಿತದ ಒಂದೇ ಒಂದು ವಾಕ್ಯದ ಬಗ್ಗೆ. ಒಂದು ಹಾಳೆಯ ಮೇಲೆ n ಚುಕ್ಕಿಗಳನ್ನಿಟ್ಟು, ಅವುಗಳ ನಡುವೆ n ಗೆರೆಗಳನ್ನೋ ಅದಕ್ಕಿಂತ ಹೆಚ್ಚನ್ನೋ ಎಳೆದರೆ, ಆ ಚಿತ್ರದಲ್ಲಿ ಎಲ್ಲೋ ಒಂದು ಕಡೆ ಸುತ್ತು ಇದ್ದೇ ಇರುತ್ತದೆ. ಸುತ್ತು ಅಂದರೆ ಒಂದು ಚುಕ್ಕಿಯಿಂದ ಹೊರಟು, ಹೋದ ಗೆರೆಯ ಮೇಲೆ ಮತ್ತೆ ಕಾಲಿಡದೆ, ಹೊರಟ ಚುಕ್ಕಿಗೇ ವಾಪಸು ಬರುವ ದಾರಿ.

ನಿಮ್ಮ ಕಾಲೇಜಿನ ಪುಸ್ತಕದಲ್ಲಿ ಈ ಚಿತ್ರಕ್ಕೆ ಗ್ರಾಫ್ ಎಂದೂ, ಚುಕ್ಕಿಗೆ ವರ್ಟೆಕ್ಸ್ ಎಂದೂ, ಗೆರೆಗೆ ಎಡ್ಜ್ ಎಂದೂ, ಸುತ್ತಿಗೆ ಸೈಕಲ್ ಎಂದೂ ಹೆಸರಿರುತ್ತದೆ. ನಾನು ಚುಕ್ಕಿ, ಗೆರೆ, ಸುತ್ತು ಎಂದೇ ಹೇಳುತ್ತೇನೆ. ಚುಕ್ಕಿ, ಗೆರೆ ಅಂದಕೂಡಲೇ ಅಜ್ಜಿಯ ರಂಗೋಲಿ ನೆನಪಾಗಬಹುದು. ಆದರೆ ರಂಗೋಲಿಯಲ್ಲಿ ಗೆರೆಯ ಬಾಗು ಬಳುಕೇ ಮುಖ್ಯ. ಇಲ್ಲಿ ಹಾಗಲ್ಲ. ಗೆರೆ ನೆಟ್ಟಗಿದೆಯೋ ಸೊಟ್ಟಗಿದೆಯೋ ಯಾರಿಗೂ ಬೇಕಿಲ್ಲ, ಯಾವ ಚುಕ್ಕಿ ಯಾವ ಚುಕ್ಕಿಗೆ ಸೇರಿದೆ ಅನ್ನುವುದಷ್ಟೇ ಲೆಕ್ಕ.

ಇದನ್ನು ಒಂದು ನಿಜವಾದ ಕೆಲಸದ ಮೇಲೆ ಇಟ್ಟು ನೋಡೋಣ. ಒಂದು ಸಭಾಂಗಣದಿಂದ ರಾಜ್ಯೋತ್ಸವದ ನೇರ ಪ್ರಸಾರ ಮಾಡಬೇಕಿದೆ ಅಂದುಕೊಳ್ಳಿ. ಆರು ಕಡೆ ನೆಟ್‌ವರ್ಕ್ ಸ್ವಿಚ್ಚುಗಳಿವೆ: ಆಫೀಸು, ಬಾಗಿಲು, ವೇದಿಕೆ, ಧ್ವನಿ ಮೇಜು, ಬಾಲ್ಕನಿ, ಅಡುಗೆಮನೆ. ದೀಪದ ಸ್ವಿಚ್ಚಲ್ಲ, ಕಂಪ್ಯೂಟರುಗಳ ತಂತಿಗಳನ್ನು ಚುಚ್ಚುವ ಆ ಸಣ್ಣ ಪೆಟ್ಟಿಗೆ. ಪೆಟ್ಟಿಗೆಗಳೇ ಚುಕ್ಕಿಗಳು, ಅವುಗಳ ನಡುವಿನ ತಂತಿಗಳೇ ಗೆರೆಗಳು.

ಇಲ್ಲಿ ಸುತ್ತು ಬಂದರೆ ಏನು ಕೇಡು? ಒಂದು ಯಂತ್ರ "ಎಲ್ಲರಿಗೂ" ಎಂದು ಬರೆದ ಸಂದೇಶವನ್ನು ಕಳಿಸಿದಾಗ, ಸ್ವಿಚ್ಚು ಅದು ಬಂದ ಕಿಂಡಿಯೊಂದನ್ನು ಬಿಟ್ಟು ಉಳಿದ ಎಲ್ಲ ಕಿಂಡಿಗಳಿಂದಲೂ ಹೊರಗೆ ದಾಟಿಸುತ್ತದೆ. ಸುತ್ತಿಲ್ಲದ ಕಡೆ ಆ ಸಂದೇಶ ತುದಿಗಳನ್ನು ಮುಟ್ಟಿ ಮುಗಿಯುತ್ತದೆ. ಸುತ್ತಿದ್ದರೆ ಅದರ ಪ್ರತಿಗಳು ಎರಡೂ ದಿಕ್ಕಿನಲ್ಲಿ ಸುತ್ತುತ್ತಲೇ ಇರುತ್ತವೆ. ಇಂಟರ್ನೆಟ್ಟಿನ ಐಪಿ ಪ್ಯಾಕೆಟ್ಟಿನಲ್ಲಿ ಇಷ್ಟು ಹೆಜ್ಜೆಯಾದ ಮೇಲೆ ಸಾಯಬೇಕು ಅನ್ನುವ ಎಣಿಕೆ ಇದೆ. ಈಥರ್ನೆಟ್ ಫ್ರೇಮಿನಲ್ಲಿ ಅಂಥ ಎಣಿಕೆಯೇ ಇಲ್ಲ. ಹೊಸ ಸಂದೇಶಗಳು ಬರುತ್ತಲೇ ಇರುತ್ತವೆ, ಹಳೆಯವು ಸಾಯುವುದಿಲ್ಲ. ಸುತ್ತುಗಳು ಒಂದಕ್ಕಿಂತ ಹೆಚ್ಚಿದ್ದರಂತೂ ಪ್ರತಿಗಳು ಮರಿ ಹಾಕುತ್ತವೆ. ಸ್ವಲ್ಪ ಹೊತ್ತಿನಲ್ಲೇ ಎಲ್ಲ ಪೆಟ್ಟಿಗೆಗಳ ದೀಪಗಳೂ ಒಟ್ಟಿಗೆ ಹುಚ್ಚೆದ್ದಂತೆ ಮಿಣುಕುತ್ತವೆ, ಪ್ರಸಾರ ನಿಂತುಹೋಗುತ್ತದೆ. ಇದಕ್ಕೆ ಬ್ರಾಡ್‌ಕಾಸ್ಟ್ ಸ್ಟಾರ್ಮ್ ಎನ್ನುತ್ತಾರೆ.

ಆದ್ದರಿಂದ "ಆರು ಪೆಟ್ಟಿಗೆಗೆ ಆರು ತಂತಿ ಹಾಕಿದ್ದೇವೆ, ಜಾಣತನದಿಂದ ಎಳೆದರೆ ಸುತ್ತು ತಪ್ಪಿಸಬಹುದೇ?" ಅನ್ನುವುದು ಬರೀ ಪರೀಕ್ಷೆಯ ಪ್ರಶ್ನೆಯಲ್ಲ. ತಪ್ಪಿಸಲಾಗುವುದಿಲ್ಲ. ಏಕೆ ಅಂತ ನೋಡಲು ತಂತಿಗಳನ್ನೆಲ್ಲ ಬಿಚ್ಚಿಟ್ಟು, ಒಂದೊಂದಾಗಿ ಹಾಕುತ್ತಾ ಗುಂಪುಗಳನ್ನು ಎಣಿಸೋಣ. ಗುಂಪು ಅಂದರೆ ತಂತಿಗಳ ಮೇಲೆ ನಡೆದು ಒಂದರಿಂದ ಇನ್ನೊಂದಕ್ಕೆ ಹೋಗಬಹುದಾದ ಪೆಟ್ಟಿಗೆಗಳು.

ಶುರುವಿನಲ್ಲಿ ತಂತಿಯೇ ಇಲ್ಲ. ಪ್ರತಿ ಪೆಟ್ಟಿಗೆಯೂ ಒಂಟಿ, ಗುಂಪುಗಳು 6. ಮೊದಲ ತಂತಿ ಆಫೀಸಿನಿಂದ ಬಾಗಿಲಿಗೆ: ಎರಡು ಗುಂಪು ಕೂಡಿ ಒಂದಾಯಿತು, ಈಗ 5. ಎರಡನೆಯದು ವೇದಿಕೆಯಿಂದ ಧ್ವನಿ ಮೇಜಿಗೆ: 4. ಮೂರನೆಯದು ಧ್ವನಿ ಮೇಜಿನಿಂದ ಬಾಲ್ಕನಿಗೆ: 3. ನಾಲ್ಕನೆಯದು ಅಡುಗೆಮನೆಯಿಂದ ಬಾಗಿಲಿಗೆ: 2. ಐದನೆಯದು ಬಾಗಿಲಿನಿಂದ ವೇದಿಕೆಗೆ: ಈಗ ಎಲ್ಲವೂ ಸೇರಿ ಒಂದೇ ಗುಂಪು.

ಕೈಯಲ್ಲಿ ಆರನೆಯ ತಂತಿ ಉಳಿದಿದೆ. ಅದನ್ನು ಆಫೀಸಿನಿಂದ ಬಾಲ್ಕನಿಗೆ ಹಾಕುತ್ತೀರಿ. ಎರಡು ತುದಿಗಳೂ ಒಂದೇ ಗುಂಪಿನಲ್ಲಿವೆ. ಅಂದರೆ ಈ ತಂತಿ ಬರುವ ಮೊದಲೇ ಆಫೀಸಿನಿಂದ ಬಾಲ್ಕನಿಗೆ ದಾರಿ ಇತ್ತು: ಆಫೀಸು, ಬಾಗಿಲು, ವೇದಿಕೆ, ಧ್ವನಿ ಮೇಜು, ಬಾಲ್ಕನಿ. ಹಳೆಯ ದಾರಿಯಲ್ಲಿ ಹೋಗಿ ಹೊಸ ತಂತಿಯಲ್ಲಿ ವಾಪಸು ಬಂದರೆ ಸುತ್ತು ಮುಗಿಯಿತು. ಅಡುಗೆಮನೆ ಮಾತ್ರ ಸುತ್ತಿನ ಹೊರಗೆ ಬಾಲದ ಹಾಗೆ ಉಳಿಯಿತು.

ಈ ಉದಾಹರಣೆಯನ್ನು ಪಕ್ಕಕ್ಕಿಟ್ಟರೂ ವಾದ ಹಾಗೇ ನಿಲ್ಲುತ್ತದೆ, ಅದೇ ಇದರ ಸೊಗಸು. ಯಾವ ಗೆರೆ ಎಳೆದರೂ ಎರಡರಲ್ಲಿ ಒಂದು ಆಗಲೇಬೇಕು. ಅದರ ತುದಿಗಳು ಬೇರೆ ಬೇರೆ ಗುಂಪಿನಲ್ಲಿದ್ದರೆ ಗುಂಪುಗಳ ಸಂಖ್ಯೆ ಸರಿಯಾಗಿ ಒಂದು ಇಳಿಯುತ್ತದೆ. ಒಂದೇ ಗುಂಪಿನಲ್ಲಿದ್ದರೆ ಸಂಖ್ಯೆ ಇದ್ದ ಹಾಗೇ ಇರುತ್ತದೆ, ಸುತ್ತು ಹುಟ್ಟುತ್ತದೆ. ಶುರುವಿನಲ್ಲಿ n ಗುಂಪುಗಳಿದ್ದವು, ಒಂದಕ್ಕಿಂತ ಕೆಳಗೆ ಇಳಿಯಲು ಸಾಧ್ಯವಿಲ್ಲ. ಆದ್ದರಿಂದ ಇಳಿಸುವ ಗೆರೆಗಳು ಹೆಚ್ಚೆಂದರೆ n − 1. ನಿಮ್ಮ ಹತ್ತಿರ n ಗೆರೆಗಳಿದ್ದರೆ ಕನಿಷ್ಠ ಒಂದು ಇಳಿಸದ ಗೆರೆ ಇರಲೇಬೇಕು. ಅದು ಬಂದ ಕ್ಷಣದಲ್ಲೇ ಸುತ್ತು ಬಂತು. ಆಮೇಲೆ ಎಷ್ಟು ಗೆರೆ ಸೇರಿಸಿದರೂ ಆಗಲೇ ಇರುವ ಸುತ್ತು ಅಳಿಯುವುದಿಲ್ಲ. ಸಾಧನೆ ಇಷ್ಟೇ.

ಒಂದು ಸೂಕ್ಷ್ಮ ಇದೆ. ಹಳೆಯ ದಾರಿ ಅಂದಾಗ ಒಂದೇ ಚುಕ್ಕಿಯನ್ನು ಎರಡು ಸಲ ಹಾಯುವ ಅಡ್ಡಾದಿಡ್ಡಿ ದಾರಿಯನ್ನು ಹಿಡಿಯಬಾರದು. ಅತಿ ಚಿಕ್ಕ ದಾರಿಯನ್ನು ಹಿಡಿಯಿರಿ, ಅದರಲ್ಲಿ ಯಾವ ಚುಕ್ಕಿಯೂ ಮರುಕಳಿಸುವುದಿಲ್ಲ. ಎರಡು ಚುಕ್ಕಿಗಳ ನಡುವೆ ಒಂದೇ ಗೆರೆ ಅನ್ನುವ ನಿಯಮವಿದ್ದರೆ ಆ ದಾರಿಯಲ್ಲಿ ಕನಿಷ್ಠ ಎರಡು ಗೆರೆಗಳಿರುತ್ತವೆ, ಹಾಗಾಗಿ ಸುತ್ತಿನಲ್ಲಿ ಕನಿಷ್ಠ ಮೂರು. ಸ್ವಿಚ್ಚುಗಳಿಗೆ ಆ ನಿಯಮವಿಲ್ಲ. ಒಂದೇ ಜೋಡಿಯ ನಡುವೆ ಎರಡು ತಂತಿ ಹಾಕಿದರೂ ಅದು ಸುತ್ತೇ, ಒಂದೇ ಪೆಟ್ಟಿಗೆಯ ಎರಡು ಕಿಂಡಿಗೆ ಒಂದೇ ತಂತಿಯ ಎರಡು ತುದಿ ಚುಚ್ಚಿದರೂ ಸುತ್ತೇ. ಮೇಲಿನ ವಾದ ಅಲ್ಲಿಗೂ ಸಲ್ಲುತ್ತದೆ.

ಪರೀಕ್ಷೆಯಲ್ಲಿ ಇದನ್ನು ಸಾಮಾನ್ಯವಾಗಿ ಹೀಗೆ ಬರೆದು ಅಂಕ ಕಳೆದುಕೊಳ್ಳುತ್ತಾರೆ: "n − 1 ಗೆರೆಗಳಿದ್ದರೆ ಅದು ಮರ, ಅಂದರೆ ಸುತ್ತಿಲ್ಲದೆ ಎಲ್ಲವೂ ಕೂಡಿಕೊಂಡಿರುವ ಚಿತ್ರ. ಮರಕ್ಕೆ ಇನ್ನೊಂದು ಗೆರೆ ಸೇರಿಸಿದರೆ ಸುತ್ತು ಬರುತ್ತದೆ." ಓದಲು ಚೆನ್ನಾಗಿದೆ, ಆದರೆ ಮೊದಲ ಮಾತೇ ಸುಳ್ಳು. ನಮ್ಮ ಸಭಾಂಗಣದಲ್ಲೇ ನೋಡಿ. ಬಾಗಿಲಿನಿಂದ ವೇದಿಕೆಗೆ ಹಾಕಿದ ಐದನೆಯ ತಂತಿಯನ್ನು ಅದರ ಬದಲು ಬಾಲ್ಕನಿಯಿಂದ ವೇದಿಕೆಗೆ ಹಾಕಿದ್ದರೆ? ವೇದಿಕೆ, ಧ್ವನಿ ಮೇಜು, ಬಾಲ್ಕನಿ ಮೂರರ ನಡುವೆ ತ್ರಿಕೋನ ಬಂದುಬಿಡುತ್ತಿತ್ತು. ಆಫೀಸು, ಬಾಗಿಲು, ಅಡುಗೆಮನೆ ಬೇರೆ ಗುಂಪಾಗಿಯೇ ಉಳಿಯುತ್ತಿದ್ದವು. ಆರು ಪೆಟ್ಟಿಗೆ, ಐದು ತಂತಿ, ಆದರೂ ಮರವಲ್ಲ. ನಿಮ್ಮ ಸಾಧನೆ ಸರಿಯೋ ಎಂದು ಪರೀಕ್ಷಿಸಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಚಿತ್ರ ಎರಡು ಮೂರು ತುಂಡಾಗಿದ್ದರೂ ಈ ವಾದ ನಡೆಯುತ್ತದೆಯೇ? ಗುಂಪು ಎಣಿಸುವ ವಾದ ನಡೆಯುತ್ತದೆ, ಏಕೆಂದರೆ ಅದು ಎಲ್ಲವೂ ಕೂಡಿಕೊಂಡಿದೆ ಎಂದು ಎಲ್ಲಿಯೂ ಅಂದುಕೊಳ್ಳುವುದಿಲ್ಲ.

ಇದೇ ಉದಾಹರಣೆ ಇನ್ನೊಂದು ಮಾತನ್ನೂ ಹೇಳುತ್ತದೆ. ಗೆರೆಗಳು n ಇದ್ದರೆ ಸುತ್ತು ಖಂಡಿತ, ಆದರೆ n ಗಿಂತ ಕಡಿಮೆ ಇದ್ದ ಮಾತ್ರಕ್ಕೆ ಸುತ್ತಿಲ್ಲ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ. ನೂರು ಚುಕ್ಕಿಗಳಲ್ಲಿ ಮೂರೇ ಗೆರೆ ಎಳೆದು ತ್ರಿಕೋನ ಮಾಡಬಹುದು.

ಇನ್ನು, ಸುತ್ತು ಇದೆ ಎಂದು ಗೊತ್ತಾದರೆ ಸಾಲದು, ಎಲ್ಲಿದೆ ಎಂದು ಹುಡುಕಬೇಕು. ತಂತಿಗಳನ್ನೆಲ್ಲ ಬಿಚ್ಚಿ ಮತ್ತೆ ಹಾಕುವಷ್ಟು ಹೊತ್ತು ಕಾರ್ಯಕ್ರಮದ ದಿನ ಯಾರಿಗಿದೆ? ಹಾಳೆಯ ಮೇಲೆ ಚಿತ್ರ ಬರೆದುಕೊಂಡು, ಒಂದೇ ತಂತಿ ಇರುವ ಅಥವಾ ತಂತಿಯೇ ಇಲ್ಲದ ಪೆಟ್ಟಿಗೆಯನ್ನು ಅಳಿಸಿ. ಅದರ ತಂತಿಯನ್ನೂ ಅಳಿಸಿ. ಹೀಗೆ ಅಳಿಸುತ್ತಾ ಹೋಗಿ. ಪ್ರತಿ ಸಲ ಚುಕ್ಕಿ ಒಂದು ಕಡಿಮೆಯಾಗುತ್ತದೆ, ಗೆರೆ ಹೆಚ್ಚೆಂದರೆ ಒಂದು ಕಡಿಮೆಯಾಗುತ್ತದೆ. ಗೆರೆಗಳು ಚುಕ್ಕಿಗಳಿಗಿಂತ ಕಡಿಮೆ ಇರಲಿಲ್ಲ ಎಂದಮೇಲೆ ಈಗಲೂ ಕಡಿಮೆಯಾಗುವುದಿಲ್ಲ, ಆದ್ದರಿಂದ ಎಲ್ಲವೂ ಅಳಿಸಿಹೋಗುವ ಭಯವಿಲ್ಲ. ಕೊನೆಗೆ ಉಳಿಯುವ ಪ್ರತಿ ಚುಕ್ಕಿಗೂ ಕನಿಷ್ಠ ಎರಡು ಗೆರೆ. ಈಗ ಎಲ್ಲಿಂದಾದರೂ ನಡೆಯಲು ಶುರುಮಾಡಿ, ಬಂದ ಗೆರೆಯಲ್ಲೇ ಹಿಂದಿರುಗಬೇಡಿ. ಮುಂದೆ ಹೋಗಲು ಯಾವಾಗಲೂ ಇನ್ನೊಂದು ಗೆರೆ ಇರುತ್ತದೆ, ಚುಕ್ಕಿಗಳು ಮಾತ್ರ ಲೆಕ್ಕಕ್ಕಿರುವಷ್ಟೇ. ಹಾಗಾಗಿ ಒಂದಲ್ಲ ಒಂದು ಹೊತ್ತು ಮೊದಲೇ ನೋಡಿದ ಚುಕ್ಕಿಗೆ ಬರಲೇಬೇಕು. ಅದೇ ಸುತ್ತು. ನಮ್ಮ ಸಭಾಂಗಣದಲ್ಲಿ ಅಡುಗೆಮನೆಯೊಂದನ್ನು ಅಳಿಸಿದರೆ ಸಾಕು, ಉಳಿದ ಐದೂ ಸುತ್ತಿನ ಮೇಲೆಯೇ ಸಿಗುತ್ತವೆ. ನಿಜ ಹೇಳಬೇಕೆಂದರೆ ಇದು ಅದೇ ವಾಕ್ಯದ ಇನ್ನೊಂದು ಸಾಧನೆ. ಮೊದಲನೆಯದು ನನಗೆ ಹೆಚ್ಚು ಇಷ್ಟ, ಆದರೆ ಸುತ್ತನ್ನು ಹುಡುಕಲು ಕೈಗೆ ಬರುವುದು ಇದೇ.

ಹಾಗಾದರೆ ಹೆಚ್ಚುವರಿ ತಂತಿ ಹಾಕಲೇಬಾರದೇ? ಹಾಕಬೇಕಾಗುತ್ತದೆ. ಐದೇ ತಂತಿಗಳಿದ್ದಾಗ ಯಾವುದೊಂದನ್ನು ಯಾರಾದರೂ ಎಡವಿ ಕಿತ್ತರೂ ಸಭಾಂಗಣ ಎರಡು ಹೋಳು. ಈ ಇಕ್ಕಟ್ಟಿಗೆ ದಾರಿ ಕಂಡುಹಿಡಿದವರು ರೇಡಿಯಾ ಪರ್ಲ್‌ಮನ್. 1985ರಲ್ಲಿ ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಕಂಪನಿಯಲ್ಲಿದ್ದಾಗ ಅವರು ಸ್ಪ್ಯಾನಿಂಗ್ ಟ್ರೀ ಪ್ರೊಟೊಕಾಲ್ ಅನ್ನು ರೂಪಿಸಿದರು. ಸ್ವಿಚ್ಚುಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು, ಅತಿ ಚಿಕ್ಕ ಗುರುತಿನ ಸಂಖ್ಯೆ ಇರುವ ಒಂದನ್ನು ಬೇರು ಎಂದು ಆರಿಸುತ್ತವೆ. ಅಲ್ಲಿಗೆ ಹೋಗಲು ಬೇಕಾದ ತಂತಿಗಳನ್ನು ಮಾತ್ರ ತೆರೆದಿಟ್ಟು ಉಳಿದವನ್ನು ಬಂದ್ ಮಾಡುತ್ತವೆ. ತೆರೆದ ತಂತಿ ಕಡಿದರೆ ಬಂದ್ ಆಗಿದ್ದ ಒಂದು ತೆರೆದುಕೊಳ್ಳುತ್ತದೆ. ಕಡಿಮೆ ಬೆಲೆಯ ಎಷ್ಟೋ ಸ್ವಿಚ್ಚುಗಳಲ್ಲಿ ಈ ಸೌಲಭ್ಯ ಇರುವುದಿಲ್ಲ ಅನ್ನುವುದು ನೆನಪಿರಲಿ.

ಎಷ್ಟು ತಂತಿ ಬಂದ್ ಆಗುತ್ತವೆ? ನಮ್ಮ ಎಣಿಕೆಯೇ ಉತ್ತರ ಕೊಡುತ್ತದೆ. ಎಲ್ಲವನ್ನೂ ಒಂದು ಗುಂಪು ಮಾಡಲು ಸರಿಯಾಗಿ n − 1 ತಂತಿ ಬೇಕು, ಮಿಕ್ಕಿದ್ದೆಲ್ಲ ಹೆಚ್ಚುವರಿ. m ತಂತಿಗಳಿದ್ದರೆ ಬಂದ್ ಆಗುವುದು m − n + 1. ಯಾವುವು ಬಂದ್ ಆಗುತ್ತವೆ ಅನ್ನುವುದು ಬದಲಾಗಬಹುದು. ನಾವೇ ಆಫೀಸು–ಬಾಲ್ಕನಿ ತಂತಿಯನ್ನು ಮೊದಲು ಹಾಕಿದ್ದರೆ, ಸುತ್ತು ಮುಗಿಸಿದ ಆರೋಪ ಅದರ ಬದಲು ಬಾಗಿಲು–ವೇದಿಕೆ ತಂತಿಯ ಮೇಲೆ ಬರುತ್ತಿತ್ತು. ಆದರೆ ಸಂಖ್ಯೆ ಬದಲಾಗುವುದಿಲ್ಲ. ಆರು ಪೆಟ್ಟಿಗೆಗಳಿಗೆ ಎಂಟು ತಂತಿ ಹಾಕಿದ್ದೀರಿ ಎಂದು ನಿಮ್ಮ ಹಾಳೆ ಹೇಳಿದರೆ ಮೂರು ಬಂದ್ ಆಗಿರಬೇಕು. ಪರದೆಯ ಮೇಲೆ ನಾಲ್ಕು ಬಂದ್ ಆಗಿರುವುದು ಕಂಡರೆ, ಹಾಳೆಯಲ್ಲಿ ಇಲ್ಲದ ತಂತಿಯೊಂದು ಯಾವುದೋ ಕುರ್ಚಿಯ ಹಿಂದೆಯೋ ಜಮಖಾನದ ಕೆಳಗೋ ಇದೆ, ಹುಡುಕಿ.