ಕೆಟ್ಟ ಕೀಲಿಯ ಕೆಲಸವನ್ನು ಇನ್ನೊಂದು ಕೀಲಿಗೆ ವಹಿಸುವುದು: ರಿಜಿಸ್ಟ್ರಿಯ ದಾರಿ ಮತ್ತು ತಂತ್ರಾಂಶದ ದಾರಿ

ವಿಂಡೋಸ್ ಗಣಕಯಂತ್ರದಲ್ಲಿ ಇನ್‌ಸ್ಕ್ರಿಪ್ಟ್ ವಿನ್ಯಾಸದಿಂದ ‘ಅಪ್ಪ’ ಎಂದು ಬೆರಳಚ್ಚಿಸಲು ನಾಲ್ಕು ಒತ್ತುಗಳು ಬೇಕು. ಶಿಫ್ಟ್ ಹಿಡಿದು ಡಿ ಒತ್ತಿದರೆ ‘ಅ’, ಎಚ್ ಒತ್ತಿದರೆ ‘ಪ’, ಬರಿಯ ಡಿ ಒತ್ತಿದರೆ ಹಲಂತ, ಮತ್ತೆ ಎಚ್ ಒತ್ತಿದರೆ ಒತ್ತಕ್ಷರ. ನಾಲ್ಕರಲ್ಲಿ ಎರಡು ಒತ್ತುಗಳು ಡಿ ಕೀಲಿಯವು. ಆ ಒಂದು ಕೀಲಿ ಕೆಟ್ಟರೆ ಪರದೆಯ ಮೇಲೆ ಉಳಿಯುವುದು ‘ಪಪ’ ಮಾತ್ರ. ಇಂಗ್ಲಿಷಿನಲ್ಲಿ ಒಂದು ಅಕ್ಷರದ ನಷ್ಟವಾಗಿ ಕಾಣುವುದು ಕನ್ನಡದಲ್ಲಿ ಬಹುತೇಕ ಎಲ್ಲ ಒತ್ತಕ್ಷರಗಳ ನಷ್ಟವಾಗುತ್ತದೆ.

ಅಕ್ಕಲಕೋಟೆ ತಾಲ್ಲೂಕಿನ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಇಂಥದೇ ಸ್ಥಿತಿ ಒದಗಿದೆ ಎಂದು ಭಾವಿಸೋಣ. ಘಟಕ ಪರೀಕ್ಷೆಯ ಪ್ರಶ್ನಪತ್ರಿಕೆ ಮರುದಿನಕ್ಕೆ ಸಿದ್ಧವಾಗಬೇಕು. ಇರುವ ಒಂದೇ ಲ್ಯಾಪ್‌ಟಾಪಿನಲ್ಲಿ ಡಿ ಕೀಲಿ ಕೆಲಸ ಮಾಡುತ್ತಿಲ್ಲ. ಹೊಸ ಕೀಲಿಮಣೆ ತರಲು ಸೊಲ್ಲಾಪುರಕ್ಕೆ ಹೋಗಬೇಕು. ಕನ್ನಡ ಬೆರಳಚ್ಚಿಗೆ ಎಂದೂ ಬೇಕಾಗದ ಕ್ಯಾಪ್ಸ್ ಲಾಕ್ ಕೀಲಿಗೆ ಡಿಯ ಕೆಲಸವನ್ನು ವಹಿಸಿದರೆ ಅಂದಿನ ಕೆಲಸ ಸಾಗುತ್ತದೆ. ಅದಕ್ಕೆ ಎರಡು ದಾರಿಗಳಿವೆ. ಎರಡರ ಫಲವೂ ಹೊರನೋಟಕ್ಕೆ ಒಂದೇ. ಅಪಾಯಗಳು ಮಾತ್ರ ಬೇರೆ ಬೇರೆ.

ಮೊದಲು ಕೀಲಿ ನಿಜವಾಗಿಯೂ ಕೆಟ್ಟಿದೆಯೇ ಎಂದು ತಿಳಿಯಬೇಕು. ಸ್ಟಾರ್ಟ್ ಮೆನುವಿನಲ್ಲಿ osk ಎಂದು ಬರೆದು ಎಂಟರ್ ಒತ್ತಿದರೆ ಪರದೆಯ ಮೇಲೆಯೇ ಒಂದು ಕೀಲಿಮಣೆ ತೆರೆದುಕೊಳ್ಳುತ್ತದೆ. ಕೈಯ ಕೀಲಿಮಣೆಯಲ್ಲಿ ಒತ್ತಿದ ಕೀಲಿ ಅದರಲ್ಲಿ ಬಣ್ಣ ಬದಲಿಸಿ ಕಾಣಿಸುತ್ತದೆ. ಉಳಿದೆಲ್ಲ ಕೀಲಿಗಳೂ ಕಾಣಿಸಿ ಡಿ ಒಂದು ಕಾಣಿಸದಿದ್ದರೆ ದೋಷ ಆ ಕೀಲಿಯದೇ. ಯಾವ ಕೀಲಿಯೂ ಸಲೀಸಾಗಿ ಕೆಲಸ ಮಾಡದಿದ್ದರೆ, ಬಲಗಡೆಯ ಶಿಫ್ಟ್ ಕೀಲಿಯನ್ನು ಎಂಟು ಸೆಕೆಂಡು ಒತ್ತಿ ಹಿಡಿದಾಗ ಶುರುವಾಗುವ ಫಿಲ್ಟರ್ ಕೀಸ್ ಸೌಲಭ್ಯ ಅರಿವಿಲ್ಲದೆ ಚಾಲೂ ಆಗಿರಬಹುದು. ಆಗ ಕೀಲಿ ಬದಲಿಸುವ ಅಗತ್ಯವೇ ಇರುವುದಿಲ್ಲ.

ಎರಡು ದಾರಿಗಳ ವ್ಯತ್ಯಾಸ ತಿಳಿಯಲು ಒಂದು ಸಂಗತಿ ಸಾಕು. ಕೀಲಿಮಣೆ ಗಣಕಯಂತ್ರಕ್ಕೆ ಅಕ್ಷರವನ್ನು ಕಳುಹಿಸುವುದಿಲ್ಲ. ಒತ್ತಿದ ಕೀಲಿಯ ಸ್ಥಾನವನ್ನು ಸೂಚಿಸುವ ಒಂದು ಸಂಖ್ಯೆಯನ್ನು ಕಳುಹಿಸುತ್ತದೆ. ಇದಕ್ಕೆ ಸ್ಕ್ಯಾನ್‌ಕೋಡ್ ಎಂದು ಹೆಸರು. ಡಿ ಕೀಲಿಯ ಸಂಖ್ಯೆ 20, ಕ್ಯಾಪ್ಸ್ ಲಾಕಿನದು 3A. ಎರಡೂ ಹದಿನಾರರ ಎಣಿಕೆಯ ಪದ್ಧತಿಯಲ್ಲಿ ಬರೆದವು. ಆ ಸಂಖ್ಯೆಯನ್ನು ‘d’ ಎಂದು ಓದಬೇಕೋ ಹಲಂತವೆಂದು ಓದಬೇಕೋ ಎಂಬುದನ್ನು ವಿಂಡೋಸ್ ಆಮೇಲೆ, ಆಗ ಆಯ್ದಿರುವ ಭಾಷೆಯನ್ನು ನೋಡಿ ತೀರ್ಮಾನಿಸುತ್ತದೆ. ರಿಜಿಸ್ಟ್ರಿಯ ದಾರಿ ಸಂಖ್ಯೆಯನ್ನು ವಿಂಡೋಸಿನ ಹೆಬ್ಬಾಗಿಲಿನಲ್ಲಿಯೇ ಬದಲಿಸುತ್ತದೆ. ತಂತ್ರಾಂಶದ ದಾರಿ ಒಳಗೆ ಬಂದ ಒತ್ತನ್ನು ನಡುವೆ ತಡೆದು, ಅದರ ಬದಲಿಗೆ ಇನ್ನೊಂದನ್ನು ಮುಂದಕ್ಕೆ ಕಳುಹಿಸುತ್ತದೆ.

ರಿಜಿಸ್ಟ್ರಿ ಎಂದರೆ ವಿಂಡೋಸ್ ತನ್ನ ವ್ಯವಸ್ಥೆಗಳನ್ನೆಲ್ಲ ಬರೆದಿಟ್ಟುಕೊಳ್ಳುವ ದಫ್ತರ. ಅದನ್ನು ತಿದ್ದಲು ಆಡಳಿತಗಾರನ ಖಾತೆ ಬೇಕು. regedit ತೆರೆದು, ಕೆಳಗೆ ಕಾಣಿಸಿದ Keyboard Layout ಎಂಬ ಸ್ಥಾನಕ್ಕೆ ಹೋಗಿ, ಮೊದಲು ಅದೊಂದನ್ನೇ ಫೈಲ್ ಮೆನುವಿನ Export ಮೂಲಕ ಪ್ರತಿ ತೆಗೆದಿಡಬೇಕು. ಅದರ ಪಕ್ಕದಲ್ಲಿಯೇ Keyboard Layouts ಎಂಬ ಬಹುವಚನದ ಹೆಸರೂ ಇದೆ. ಎಷ್ಟೋ ಜನ ಅಲ್ಲಿ ಬರೆದು, ಫಲ ಕಾಣದೆ ಬೇಸರಗೊಳ್ಳುತ್ತಾರೆ. Scancode Map ಎಂಬ ನಮೂದು ಅಲ್ಲಿ ಮೊದಲೇ ಇದ್ದರೆ ಹಿಂದೆ ಯಾರೋ ಕೀಲಿ ಬದಲಿಸಿದ್ದಾರೆಂದು ಅರ್ಥ. ಹೊಸದನ್ನು ಸೇರಿಸಿದರೆ ಹಳೆಯದು ಅಳಿಸಿಹೋಗುತ್ತದೆ. ಇಲ್ಲದಿದ್ದರೆ ಈ ಸಾಲುಗಳನ್ನು ನೋಟ್‌ಪ್ಯಾಡಿನಲ್ಲಿ ಬರೆದು, .reg ಎಂಬ ಕೊನೆಯುಳ್ಳ ಹೆಸರಿನಲ್ಲಿ ಉಳಿಸಿ, ಎರಡು ಬಾರಿ ಕ್ಲಿಕ್ ಮಾಡಬೇಕು. ಡಿ ಇಲ್ಲದೆ ಇದನ್ನು ಬರೆಯುವುದು ಹೇಗೆ ಎಂಬ ಪ್ರಶ್ನೆ ಏಳುವುದು ಸಹಜ. ಪರದೆಯ ಕೀಲಿಮಣೆಯಲ್ಲಿ ಮೌಸಿನಿಂದ ಆ ಅಕ್ಷರವನ್ನು ಒತ್ತಬಹುದು.

```
Windows Registry Editor Version 5.00

[HKEY_LOCAL_MACHINE\SYSTEM\CurrentControlSet\Control\Keyboard Layout]
"Scancode Map"=hex:00,00,00,00,00,00,00,00,02,00,00,00,20,00,3a,00,00,00,00,00
```

ಈ ಅಂಕಿಗಳ ಸಾಲನ್ನು ಅರ್ಥಮಾಡಿಕೊಳ್ಳದೆ ನಕಲಿಸುವುದರಲ್ಲಿಯೇ ಹೆಚ್ಚಿನ ತಪ್ಪುಗಳು ಹುಟ್ಟುತ್ತವೆ. ಮೊದಲ ಎಂಟು ಸೊನ್ನೆಜೋಡಿಗಳು ಯಾವಾಗಲೂ ಹಾಗೆಯೇ ಇರುತ್ತವೆ. ಅನಂತರದ 02 ಮುಂದೆ ಎಷ್ಟು ಬಾಬುಗಳಿವೆ ಎಂಬುದರ ಲೆಕ್ಕ. ಬದಲಾವಣೆ ಒಂದೇ ಆದರೂ ಇಲ್ಲಿ ಎರಡು ಎಂದಿರುವುದಕ್ಕೆ ಕಾರಣ, ಕೊನೆಯ ನಾಲ್ಕು ಸೊನ್ನೆಜೋಡಿಗಳ ಮುಕ್ತಾಯ ಸೂಚನೆಯೂ ಒಂದು ಬಾಬೆಂದು ಎಣಿಕೆಗೆ ಸೇರುತ್ತದೆ. ಇವುಗಳ ನಡುವೆ ಇರುವ 20,00,3a,00 ಎಂಬುದೇ ನಿಜವಾದ ಆದೇಶ. ಇದರಲ್ಲಿ ಬೇಕಾದ ಫಲ ಮೊದಲು, ಒತ್ತುವ ಕೀಲಿ ಆಮೇಲೆ ಬರುತ್ತದೆ: ‘ಡಿ ಬರಲಿ, ಕ್ಯಾಪ್ಸ್ ಲಾಕ್ ಒತ್ತಿದಾಗ’ ಎಂದು ಓದಿಕೊಳ್ಳಬೇಕು. ಇದನ್ನು ತಿರುವುಮುರುವಾಗಿ ಬರೆದರೆ ಡಿ ಕೀಲಿಯೇ ಕ್ಯಾಪ್ಸ್ ಲಾಕ್ ಆಗುತ್ತದೆ. ಆ ಕೀಲಿ ಮೊದಲೇ ಸತ್ತಿರುವುದರಿಂದ ಯಾವ ಬದಲಾವಣೆಯೂ ಕಾಣುವುದಿಲ್ಲ. ಶಿಕ್ಷಕರು ನಮೂದು ತಾಗಲಿಲ್ಲವೆಂದು ತಿಳಿದು ಮತ್ತೆ ಮತ್ತೆ ಅದನ್ನೇ ಮಾಡುವ ಸಂಭವವಿದೆ.

ನಮೂದು ಫಲ ಕೊಡಲು ಗಣಕಯಂತ್ರವನ್ನು Restart ಮಾಡಬೇಕು. ಈಚಿನ ವಿಂಡೋಸುಗಳಲ್ಲಿ Shut down ಮಾಡಿ ಮತ್ತೆ ತೆರೆದರೆ ಸಾಲದಿರಬಹುದು; ಬೇಗ ತೆರೆದುಕೊಳ್ಳಲೆಂದು ವ್ಯವಸ್ಥೆಯ ಒಂದು ಭಾಗವನ್ನು ಅದು ಹಾಗೆಯೇ ಉಳಿಸಿಕೊಂಡಿರುತ್ತದೆ. ಮರಳಿ ತೆರೆದ ಮೇಲೆ ಕ್ಯಾಪ್ಸ್ ಲಾಕ್ ಇಂಗ್ಲಿಷಿನಲ್ಲಿ ‘d’, ಕನ್ನಡದಲ್ಲಿ ಹಲಂತ, ಶಿಫ್ಟಿನೊಡನೆ ‘ಅ’ ಕೊಡುತ್ತದೆ. ಬದಲಾಗಿರುವುದು ಸ್ಥಾನದ ಸಂಖ್ಯೆಯಾದ್ದರಿಂದ ಭಾಷೆಗೊಂದು ಬೇರೆ ವ್ಯವಸ್ಥೆ ಬೇಕಾಗುವುದಿಲ್ಲ. ನುಡಿಯಂಥ ತಂತ್ರಾಂಶಗಳ ಕೆಜಿಪಿ ವಿನ್ಯಾಸವನ್ನು ಬಳಸುವವರಿಗೂ ಇದೇ ನಮೂದು ಸಾಕು; ಅವರಿಗೆ ಡಿ ಕೀಲಿ ‘ದ’ ಮತ್ತು ‘ಧ’ಗಳನ್ನು ಮರಳಿಸುತ್ತದೆ.

ಈ ದಾರಿಯ ಬಲವೇ ಇದರ ಅಪಾಯವೂ ಹೌದು. ಹೆಬ್ಬಾಗಿಲಿನಲ್ಲಿ ಆದ ಬದಲಾವಣೆ ಗುಪ್ತಪದ ಕೇಳುವ ಪರದೆಯಲ್ಲಿಯೂ ಇರುತ್ತದೆ. ಗುಪ್ತಪದದಲ್ಲಿ ‘d’ ಇದ್ದ ಶಿಕ್ಷಕರಿಗೆ ಇದು ಉಪಕಾರ. ಆದರೆ ಅವಸರದಲ್ಲಿ ಸಂಖ್ಯೆ ತಪ್ಪಿ ಬೇರೊಂದು ಅಕ್ಷರದ ಕೀಲಿ ಬದಲಾಗಿ, ಆ ಅಕ್ಷರ ಗುಪ್ತಪದದಲ್ಲಿದ್ದರೆ ಒಳಗೆ ಹೋಗುವುದೇ ಕಷ್ಟವಾಗುತ್ತದೆ. ಅಂಥ ಸಮಯದಲ್ಲಿ ಆ ಪರದೆಯ ಮೂಲೆಯ ಸುಗಮತೆಯ ಗುರುತನ್ನು ಒತ್ತಿ, ಪರದೆಯ ಕೀಲಿಮಣೆಯನ್ನು ತೆರೆದು, ಮೌಸಿನಿಂದ ಗುಪ್ತಪದ ಕೊಡಬೇಕು. ಇನ್ನೊಂದು ಮಿತಿ: ಈ ನಮೂದಿಗೆ ವ್ಯಕ್ತಿಭೇದವೂ ಇಲ್ಲ, ಕೀಲಿಮಣೆಯ ಭೇದವೂ ಇಲ್ಲ. ಆ ಯಂತ್ರದ ಎಲ್ಲ ಖಾತೆಗಳಿಗೂ, ಹೊರಗಿನಿಂದ ಜೋಡಿಸಿದ ಕೀಲಿಮಣೆಗೂ ಅದು ಅನ್ವಯಿಸುತ್ತದೆ.

ತಂತ್ರಾಂಶದ ದಾರಿಗೆ ಮೈಕ್ರೋಸಾಫ್ಟಿನ ಉಚಿತ ಪವರ್‌ಟಾಯ್ಸ್ ಉದಾಹರಣೆಯಾಗಬಲ್ಲದು. ಅದರ Keyboard Manager ವಿಭಾಗದಲ್ಲಿ Remap a key ಆಯ್ದು, ಒಂದು ಕಡೆ ಕ್ಯಾಪ್ಸ್ ಲಾಕ್, ಇನ್ನೊಂದು ಕಡೆ ಡಿ ಎಂದು ಹೆಸರಿನಿಂದಲೇ ಆರಿಸಿದರಾಯಿತು. ಅಂಕಿಗಳ ಗೋಜಿಲ್ಲ, ಮರುಚಾಲನೆಯ ಅಗತ್ಯವಿಲ್ಲ. ಬೇಡವೆನಿಸಿದಾಗ ಅದೇ ಕಿಟಕಿಯಲ್ಲಿ ಅಳಿಸಬಹುದು. ಆದ ಬದಲಾವಣೆ ಕಣ್ಣಿಗೆ ಕಾಣುವ ಪಟ್ಟಿಯಾಗಿ ಉಳಿಯುತ್ತದೆ ಎಂಬುದು ದೊಡ್ಡ ಅನುಕೂಲ. ವಿಂಡೋಸ್ 7ರ ಹಳೆಯ ಯಂತ್ರಗಳಲ್ಲಿ ಮಾತ್ರ ಇದು ನಡೆಯುವುದಿಲ್ಲ.

ಇದರ ಕೊರತೆಗಳು ಸದ್ದಿಲ್ಲದೆ ಬರುವಂಥವು. ಪವರ್‌ಟಾಯ್ಸ್ ಹಿನ್ನೆಲೆಯಲ್ಲಿ ಓಡುತ್ತಿರುವಷ್ಟು ಹೊತ್ತು ಮಾತ್ರ ಬದಲಾವಣೆ ಇರುತ್ತದೆ. ಗುಪ್ತಪದದ ಪರದೆಯಲ್ಲಿ ಅದು ಇರುವುದಿಲ್ಲ. ಇನ್ನೊಬ್ಬ ಶಿಕ್ಷಕರು ತಮ್ಮ ಖಾತೆಯಿಂದ ಪ್ರವೇಶಿಸಿದರೆ ಅವರಿಗೆ ಅದು ಸಿಗುವುದಿಲ್ಲ. ಆಡಳಿತಗಾರನ ಅಧಿಕಾರದಿಂದ ತೆರೆದ ಕಿಟಕಿ ಎದುರಿಗಿರುವಾಗ, ಪವರ್‌ಟಾಯ್ಸಿಗೂ ಅದೇ ಅಧಿಕಾರ ಕೊಟ್ಟಿರದಿದ್ದರೆ, ಕ್ಯಾಪ್ಸ್ ಲಾಕ್ ತನ್ನ ಹಳೆಯ ಕೆಲಸಕ್ಕೇ ಮರಳುತ್ತದೆ. ನಿಧಾನವಾದ ಯಂತ್ರಗಳಲ್ಲಿ ಇನ್ನೊಂದು ತೊಂದರೆಯುಂಟು: ಒತ್ತನ್ನು ತಡೆದ ತಂತ್ರಾಂಶ ನಿಗದಿತ ಹೊತ್ತಿನೊಳಗೆ ಉತ್ತರ ಕೊಡದಿದ್ದರೆ ವಿಂಡೋಸ್ ಅದನ್ನು ಬದಿಗಿಟ್ಟು ಮೂಲದ ಒತ್ತನ್ನೇ ಮುಂದಕ್ಕೆ ಬಿಡುತ್ತದೆ. ಬರೆಯುತ್ತಿರುವಾಗ ಒತ್ತಕ್ಷರಗಳು ಹಠಾತ್ತನೆ ನಿಂತು ಕ್ಯಾಪ್ಸ್ ಲಾಕಿನ ದೀಪ ಹೊತ್ತಿಕೊಂಡರೆ ಇದೇ ಕಾರಣವೆಂದು ಊಹಿಸಬಹುದು. ಕನ್ನಡ ಬೆರಳಚ್ಚಿನ ತಂತ್ರಾಂಶವೂ ಒತ್ತುಗಳನ್ನು ನಡುವೆ ತಡೆದು ಅಕ್ಷರ ಮಾಡುವ ಬಗೆಯದಾಗಿದ್ದರೆ, ಇಬ್ಬರು ದ್ವಾರಪಾಲಕರು ಒಂದೇ ಬಾಗಿಲಿಗೆ ನಿಂತಂತಾಗಿ ಯಾರ ಮಾತು ನಡೆಯುತ್ತದೆಂದು ಹೇಳಲಾಗದು. ಅಂಥಲ್ಲಿ ಎರಡನ್ನೂ ತೆರೆದು ‘ಅಪ್ಪ’, ‘ಅಕ್ಕ’ ಎಂದು ಬರೆದು ನೋಡಿಯೇ ಮುಂದುವರಿಯುವುದು ಒಳ್ಳೆಯದು.

ಶಾರ್ಪ್‌ಕೀಸ್ ಎಂಬ ಇನ್ನೊಂದು ತಂತ್ರಾಂಶ ಇಲ್ಲಿ ಗೊಂದಲ ಹುಟ್ಟಿಸುತ್ತದೆ. ಹೆಸರಿಗೆ ತಂತ್ರಾಂಶವಾದರೂ ಅದು ಮಾಡುವುದು ರಿಜಿಸ್ಟ್ರಿಯಲ್ಲಿ ಮೇಲಿನ ಸಾಲನ್ನೇ ಬರೆದುಕೊಡುವ ಕೆಲಸ. ಅಂಕಿಗಳನ್ನು ತಪ್ಪಿಲ್ಲದೆ ಬರೆಯುತ್ತದೆ ಎಂಬುದು ಗುಣ. ಆದರೆ ಅದನ್ನು ಯಂತ್ರದಿಂದ ತೆಗೆದುಹಾಕಿದರೂ ನಮೂದು ಹೋಗುವುದಿಲ್ಲ.

ಹಾಗಾದರೆ ಅಕ್ಕಲಕೋಟೆಯ ಶಿಕ್ಷಕರು ಏನು ಮಾಡಬೇಕು? ಒಂದು ರಾತ್ರಿಯ ಪ್ರಶ್ನಪತ್ರಿಕೆಗೆ ಪವರ್‌ಟಾಯ್ಸ್ ಸಾಕು. ಅಂತರ್ಜಾಲವಿಲ್ಲದೆ ಅದನ್ನು ಇಳಿಸಿಕೊಳ್ಳಲಾಗದಿದ್ದರೆ, ಇಲ್ಲವೆ ಗುಪ್ತಪದದಲ್ಲಿಯೇ ‘d’ ಇದ್ದರೆ, ರಿಜಿಸ್ಟ್ರಿಯ ದಾರಿಯೇ ಸರಿ. ಕೀಲಿ ಸತ್ತಿರದೆ ಒಳಗೆ ಸಿಕ್ಕಿಕೊಂಡು ತಾನಾಗಿಯೇ ‘dddd’ ಎಂದು ಬರೆಯುತ್ತಿದ್ದರೂ ರಿಜಿಸ್ಟ್ರಿಯೇ ಬೇಕು. ತಂತ್ರಾಂಶ ಎಚ್ಚರಗೊಳ್ಳುವ ಮೊದಲೇ ಗುಪ್ತಪದದ ಪೆಟ್ಟಿಗೆ ಆ ಅಕ್ಷರದಿಂದ ತುಂಬಿಹೋಗುತ್ತದೆ. ಮಕ್ಕಳು ಬೆರಳಚ್ಚು ಕಲಿಯುವ ಯಂತ್ರದಲ್ಲಿ ಮಾತ್ರ ಎರಡೂ ಬೇಡ. ಇನ್‌ಸ್ಕ್ರಿಪ್ಟಿನಲ್ಲಿ ಹಲಂತ ಎಡಗೈಯ ನಡುಬೆರಳಿನ ಪಾಲಿನದು. ಅದನ್ನು ಕಿರುಬೆರಳಿನಿಂದ ಒತ್ತಿ ಕಲಿತ ಮಗು ಬೇರೆ ಯಂತ್ರದ ಮುಂದೆ ಕುಳಿತಾಗ ಪ್ರತಿ ಒತ್ತಕ್ಷರಕ್ಕೂ ಎಡವುತ್ತದೆ. ಅಲ್ಲಿ ಹೊರಗಿನ ಕೀಲಿಮಣೆಯೊಂದನ್ನು ಜೋಡಿಸುವುದೇ ಪರಿಹಾರ. ಕಾಸರಗೋಡು, ವಯನಾಡುಗಳ ಶಾಲೆಗಳಲ್ಲಿ ಲಿನಕ್ಸ್ ಬಳಕೆಯಲ್ಲಿರುವ ಯಂತ್ರಗಳಿಗೆ ಇಲ್ಲಿ ಹೇಳಿದ ಎರಡು ದಾರಿಗಳೂ ಅನ್ವಯಿಸುವುದಿಲ್ಲ.

ಹೊಸ ಕೀಲಿಮಣೆ ಬಂದ ದಿನ ರಿಜಿಸ್ಟ್ರಿಯ ನಮೂದನ್ನು ಅಳಿಸುವುದನ್ನು ಮರೆಯಬಾರದು. ಮರೆತರೆ ಹೊಸದರಲ್ಲಿಯೂ ಕ್ಯಾಪ್ಸ್ ಲಾಕ್ ‘d’ ಎಂದೇ ಬರೆಯುತ್ತದೆ. ವರ್ಗವಾಗಿ ಬಂದ ಮುಂದಿನ ಶಿಕ್ಷಕರು ಅದನ್ನು ಕೀಲಿಮಣೆಯ ದೋಷವೆಂದು ತಿಳಿದು ಹಿಂದಿರುಗಿಸಿಯಾರು. ಕಮಾಂಡ್ ಪ್ರಾಂಪ್ಟನ್ನು ಆಡಳಿತಗಾರನ ಅಧಿಕಾರದಿಂದ ತೆರೆದು ಈ ಆದೇಶ ಕೊಡಬೇಕು:

```
reg delete "HKLM\SYSTEM\CurrentControlSet\Control\Keyboard Layout" /v "Scancode Map" /f
```

ಇದು ಆ ನಮೂದಿನಲ್ಲಿರುವ ಎಲ್ಲ ಬದಲಾವಣೆಗಳನ್ನೂ ಒಮ್ಮೆಗೇ ಅಳಿಸುತ್ತದೆ. ಅನಂತರ Restart ಮಾಡಿ ಕ್ಯಾಪ್ಸ್ ಲಾಕ್ ಒತ್ತಿದಾಗ ಅದರ ದೀಪ ಹೊತ್ತಿದರೆ ಕೀಲಿಮಣೆ ಮೊದಲಿನ ಸ್ಥಿತಿಗೆ ಬಂದಿದೆಯೆಂದು ತಿಳಿಯಬಹುದು. ಅಲ್ಲಿಯವರೆಗೆ, ಯಾವ ಕೀಲಿಗೆ ಯಾವುದರ ಕೆಲಸ ವಹಿಸಿದೆ, ಯಾವ ದಿನ, ಯಾವ ದಾರಿಯಿಂದ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಯಂತ್ರಕ್ಕೆ ಅಂಟಿಸಿಡಬೇಕು.