ಗೋಳಗುಮ್ಮಟವೂ ಗಾನಮಂದಿರವೂ

ವಿಜಯಪುರಕ್ಕೆ ಬಂದವರೆಲ್ಲರೂ ಗೋಳಗುಮ್ಮಟದ ಮೊಗಸಾಲೆಯನ್ನೇರಿ ಒಂದು ಸಲ ಚಪ್ಪಾಳೆ ತಟ್ಟಿ, ಅದು ಹತ್ತು ಸಲ ಮರಳುವದನ್ನು ಕೇಳಿ ಸಂತೋಷಪಡುವರು. ಆದರೆ ಇದೇ ಗುಮ್ಮಟದ ಕೆಳಗೆ ಒಳ್ಳೆಯ ಗಾಯಕನನ್ನು ಕೂರಿಸಿ ಹಾಡಿಸಿದರೆ ಏನಾದೀತು? ಒಂದು ಸ್ವರವೂ ಸ್ಪಷ್ಟವಾಗಿ ಕಿವಿಗೆ ಬೀಳದು. ಇದಕ್ಕೆ ಕಾರಣವನ್ನು ಅರಿತರೆ ಗಾನಮಂದಿರವನ್ನು ಹೇಗೆ ಕಟ್ಟಬೇಕೆಂಬುದೂ ತಿಳಿದಂತಾಗುವದು.

ಹಾಡುಗಾರನ ಧ್ವನಿಯು ಕೇಳುಗನಿಗೆ ಮೂರು ಬಗೆಯಾಗಿ ಬರುವದು. ಮೊದಲು ನೇರವಾಗಿ, ಬಳಿಕ ಹತ್ತಿರದ ಗೋಡೆ ಮಾಳಿಗೆಗಳಿಗೆ ಒಮ್ಮೆ ತಾಗಿ, ಕಡೆಗೆ ಎಲ್ಲ ಕಡೆಗೂ ಪುಟಿದು ಪುಟಿದು ಬೆರೆತುಹೋದ ಗುಂಯಿಗುಡುವ ಶಬ್ದವಾಗಿ. ಎರಡನೆಯದು ನೇರಧ್ವನಿಯ ಬೆನ್ನಿಗೇ, ಎಂದರೆ ಸೆಕೆಂಡಿನ ಹನ್ನೆರಡರಲ್ಲೊಂದು ಭಾಗದೊಳಗೆ ಬಂದರೆ ಕಿವಿಯು ಅದನ್ನು ಬೇರೆಯೆಂದು ಎಣಿಸದೆ ಮೂಲಧ್ವನಿಯೊಡನೆ ಕೂಡಿಸಿಕೊಳ್ಳುವದು. ಹಾಡು ತುಂಬಿಕೊಂಡು ಕೇಳಿಸುವದು. ತೀರ ತಡವಾಗಿ ಬಂದರೆ ಅದೇ ಪ್ರತಿಧ್ವನಿಯಾಗಿ ಕಾಡುವದು. ಮೂರನೆಯದಕ್ಕೆ ಅನುರಣನವೆಂದು ಹೆಸರು.

ಈಗ ಗುಮ್ಮಟವನ್ನು ಅಳೆದು ನೋಡೋಣ. 1656ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಹನ ಈ ಗೋರಿಯ ಒಳಗಿನ ಚೌಕವು ಪ್ರತಿ ಬದಿಗೆ ಸುಮಾರು 135 ಅಡಿ. ಮೊಗಸಾಲೆಯ ಎತ್ತರ ಸುಮಾರು 109 ಅಡಿ. ಅಲ್ಲಿ ಗುಮ್ಮಟದ ಒಳವ್ಯಾಸ ಸುಮಾರು 124 ಅಡಿ. ಶಬ್ದವು ಸೆಕೆಂಡಿಗೆ ಸುಮಾರು 1130 ಅಡಿ ಸಾಗುವದು. ಮೊಗಸಾಲೆಯಲ್ಲಿ ತಟ್ಟಿದ ಚಪ್ಪಾಳೆಯು ಎದುರು ಗೋಡೆಗೆ ಹೋಗಿ ಬರಲು 248 ಅಡಿ ದಾರಿ, ಎಂದರೆ ಸೆಕೆಂಡಿನ ಐದರಲ್ಲೊಂದು ಭಾಗಕ್ಕಿಂತ ತುಸು ಹೆಚ್ಚು ಹೊತ್ತು. ಆದುದರಿಂದಲೇ ಒಂದೊಂದು ಮರುದನಿಯೂ ಬಿಡಿಬಿಡಿಯಾಗಿ ಕೇಳಿಸುವದು. ಕೆಳಗೆ ನಡುವೆ ನಿಂತವನಿಗೆ ಅತಿ ಸಮೀಪದ ಗೋಡೆಯೇ 67 ಅಡಿ ದೂರ. ಅವನ ಧ್ವನಿ ಅದಕ್ಕೆ ತಾಗಿ ಮರಳುವಷ್ಟರಲ್ಲಿ ಸೆಕೆಂಡಿನ ಎಂಟರಲ್ಲೊಂದು ಭಾಗ ಕಳೆದಿರುವದು. ಹೀಗೆ, ನೆಲವೊಂದನ್ನು ಬಿಟ್ಟರೆ, ಹಾಡಿಗೆ ಬೇಕಾದ ಬೆನ್ನಿನ ಬೆಂಬಲವು ಇಲ್ಲಿ ದೊರೆಯದು.

ಅನುರಣನದ ಲೆಕ್ಕವನ್ನು ಮೊದಲು ಕಂಡುಹಿಡಿದವನು ಅಮೇರಿಕೆಯ ಹಾರ್ವರ್ಡ್ ವಿದ್ಯಾಪೀಠದ ವ್ಯಾಲೆಸ್ ಸಬಾಯಿನ್. 1895ರಲ್ಲಿ ಅಲ್ಲಿಯ ಒಂದು ಉಪನ್ಯಾಸಮಂದಿರದಲ್ಲಿ ಆಡಿದ ಮಾತು ಐದೂವರೆ ಸೆಕೆಂಡು ಉಳಿಯುತ್ತಿತ್ತು. ಅವನು ಕುರ್ಚಿಯ ಮೆತ್ತೆಗಳನ್ನು ತಂದು ಹರಡುತ್ತ, ಶಬ್ದವು ಅಡಗುವ ಹೊತ್ತನ್ನು ಅಳೆಯುತ್ತ ಹೋದನು. ಆ ಸೂತ್ರದ ಸಾರವಿಷ್ಟು: ಕೋಣೆಯ ಘನ ಅಡಿಗಳನ್ನು 20ರಿಂದ ಭಾಗಿಸಿ, ಬಂದುದನ್ನು ಶಬ್ದ ಹೀರುವ ಚದರಡಿಗಳಿಂದ ಮತ್ತೆ ಭಾಗಿಸಿದರೆ ಅನುರಣನದ ಸೆಕೆಂಡುಗಳು ದೊರೆಯುವವು. ಗುಮ್ಮಟದೊಳಗೆ ಸುಮಾರು 25 ಲಕ್ಷ ಘನ ಅಡಿ ಗಾಳಿ, ಒಂದು ಲಕ್ಷ ಚದರಡಿ ಮೈ. ಸುಣ್ಣದ ಗಾರೆಯು ಶಬ್ದವನ್ನು ಹೀರುವದು ಅತ್ಯಲ್ಪ. ಬಾಗಿಲುಗಳನ್ನೂ ಗಾಳಿಯನ್ನೂ ಸೇರಿಸಿ ನೂರಕ್ಕೆ ಐದರಂತೆ ಹಿಡಿದರೆ 5,000 ಚದರಡಿ. ಆಗ 25 ಸೆಕೆಂಡು! ಒಬ್ಬ ಮನುಷ್ಯ ಸುಮಾರು ನಾಲ್ಕೂವರೆ ಚದರಡಿಯಷ್ಟು ಹೀರುವನು. ಸಾವಿರ ಜನ ಕೂತರೂ 13 ಸೆಕೆಂಡು ಉಳಿಯುವದು. ಶಬ್ದವನ್ನು ಒಂದೆಡೆ ಕೂಡಿಸುವ ಕಮಾನಿನ ಮೈಗೆ ಈ ಸೂತ್ರವು ಪೂರ್ತಿ ಒಗ್ಗದು. ಆದುದರಿಂದ ಇದನ್ನು ಅಂದಾಜೆಂದೇ ತಿಳಿಯತಕ್ಕದ್ದು.

ಸಬಾಯಿನ್‌ನ ಸಲಹೆಯಂತೆ ಕಟ್ಟಿ 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಮಂದಿರವು ಜನ ತುಂಬಿದಾಗ ಎರಡು ಸೆಕೆಂಡಿಗೆ ತುಸು ಕಡಿಮೆ ಅನುರಣಿಸುವದು. ಅದರ ಅಗಲ ಸುಮಾರು 75 ಅಡಿ ಮಾತ್ರ. ವೇದಿಕೆಯಿಂದ 60 ಅಡಿ ದೂರ ನಡುವೆ ಕೂತವನಿಗೆ ಪಕ್ಕದ ಗೋಡೆಯ ಧ್ವನಿಯು ನೇರಧ್ವನಿಯ ತರುವಾಯ ಸೆಕೆಂಡಿನ ಮೂವತ್ತರಲ್ಲೊಂದು ಭಾಗದಲ್ಲಿಯೇ ಬಂದು ಕೂಡಿಕೊಳ್ಳುವದು. ಗುಮ್ಮಟಕ್ಕೂ ಅದಕ್ಕೂ ಇರುವ ಅಂತರವೆಲ್ಲ ಈ ಎರಡು ಅಳತೆಗಳಲ್ಲಿದೆ.

ಟಿಕೋಟಾ, ಬಬಲೇಶ್ವರಗಳಂಥ ಊರಿನಲ್ಲಿ ಬಯಲಿನಲ್ಲಿ ಹಾಡುವವನಿಗೆ ಅನುರಣನದ ಕಾಟವಿಲ್ಲ, ಗೋಡೆಯ ನೆರವೂ ಇಲ್ಲ. ಅಲ್ಲಿ 60 ಅಡಿ ಉದ್ದ, 40 ಅಡಿ ಅಗಲ, 20 ಅಡಿ ಎತ್ತರದ ಸಭಾಗೃಹ ಕಟ್ಟಿದರೆನ್ನೋಣ. 48,000 ಘನ ಅಡಿ. ಒಳಮೈ 8,800 ಚದರಡಿ. ಬೋಳು ಗಾರೆಯಾದರೆ ಹೀರುವದು ಸುಮಾರು 440. ಬರಿದಾದಾಗ ಅನುರಣನ ಐದೂವರೆ ಸೆಕೆಂಡು, 300 ಜನ ಕೂತಾಗ ಒಂದೂಕಾಲು ಸೆಕೆಂಡಿನ ಮೇಲೆ ತುಸು. ಐವತ್ತೇ ಜನ ಬಂದ ದಿನ ಮೂರೂವರೆ ಸೆಕೆಂಡಾಗಿ ಮಾತು ಕಲಸಿಹೋಗುವದು. ಆಗ ಹಿಂಬದಿಯ ಗೋಡೆಗೆ ದಪ್ಪ ಪರದೆ ಹಾಕಬೇಕು. ಹಾಡುವವನ ಬೆನ್ನ ಹಿಂದಿನ ಗೋಡೆಯನ್ನು ಮಾತ್ರ ಬೋಳಾಗಿಯೇ ಬಿಡಬೇಕು, ಅದೇ ಅವನ ಧ್ವನಿಯನ್ನು ಮುಂದೂಡುವದು. ಮಾಳಿಗೆಯನ್ನು ಅಂದಕ್ಕಾಗಿ ಗುಮ್ಮಟದಂತೆ ಬಾಗಿಸಲಾಗದು.

ಪರೀಕ್ಷೆಯು ಸುಲಭ. ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ ಕಿವಿಗೊಡಿರಿ. ದನಿಯು ಸಮನಾಗಿ ಇಳಿದು ಎರಡು ಸೆಕೆಂಡಿನೊಳಗೆ ಅಡಗಿದರೆ ಸಂಗೀತಕ್ಕೆ ಆ ಮನೆ ಸರಿ. ಪಟಪಟನೆ ಬಡಿದಂತಾದರೆ ಎದುರುಬದುರಿನ ಬೋಳುಗೋಡೆಗಳ ದೋಷ. ಒಂದು ಗೋಡೆಗೆ ಪರದೆ ಬೇಕು. ಬಿಡಿಬಿಡಿಯಾಗಿ ಮರಳಿದರೆ ಅದು ಗೋಳಗುಮ್ಮಟದ ಜಾತಿ. ನೋಡಲು ಚೆಂದ, ಹಾಡಲು ಸಲ್ಲದು.